ಒಂದೇ ದಿನ ಕೊಯ್ದ ಹಣ್ಣು, ಅರ್ಧ ಸಿಮೆಂಟ್ ಕಣಕ್ಕೆ, ಅರ್ಧ ರೈಸ್ಡ್ ಬೆಡ್‌ಗೆ. ಬೆಡ್‌ನ ಕಾಫಿಯೇ ಯಾಕೆ ಕೆಟ್ಟಿತು?

ಹೊಸಕಣ

ಎಲ್ಲರಿಗೂ ನಮಸ್ಕಾರ. ಈ ಸಲ ಅರೇಬಿಕಾವನ್ನು ಪಲ್ಪ್ ಮಾಡದೆ, ಹಣ್ಣಿನ ಸಮೇತ ಒಣಗಿಸಿದೆವು. ಒಂದೇ ದಿನ ಕೊಯ್ದ 1600 ಕೆಜಿ ಹಣ್ಣನ್ನು ಎರಡು ಪಾಲು ಮಾಡಿದೆವು. 800 ಕೆಜಿ ಸಿಮೆಂಟ್ ಕಣದ ಮೇಲೆ, ಇನ್ನು 800 ಕೆಜಿ ಹೊಸದಾಗಿ ಕಟ್ಟಿಸಿದ ರೈಸ್ಡ್ ಬೆಡ್ ಮೇಲೆ. ಬೆಡ್ ಅಂದರೆ ಸೊಂಟದ ಎತ್ತರದ ಕಂಬಗಳು, ಮೇಲೆ ನೈಲಾನ್ ಬಲೆ.

ಎರಡರ ಮಾದರಿಯನ್ನೂ ಕೊಳ್ಳುವವರಿಗೆ ಕಳಿಸಿದ್ದೆವು. ಕಣದ್ದು ಪರವಾಗಿಲ್ಲ, ಆದರೆ ಹುರಿದಾಗ ಬಿಳಿಚಿದ ಬೀಜ ತುಂಬಾ ಇವೆ ಎಂದರು. ಬೆಡ್‌ನದರಲ್ಲೂ ಬಿಳಿಚಿದ ಬೀಜ ಇವೆ, ಅದರ ಮೇಲೆ ಕೆಲವು ಕಪ್‌ಗಳಲ್ಲಿ ವಿನೆಗರ್ ತರಹದ ಹುಳಿ, ಒಂದು ಕಪ್‌ನಲ್ಲಿ ಮುಗ್ಗಲು ವಾಸನೆ ಎಂದು ವಾಪಸ್ ಕಳಿಸಿದರು.

ಬೆಡ್ ಕಟ್ಟಿದರೆ ಕಾಫಿ ಸುಧಾರಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಣ್ಣು ಒಂದೇ, ದಿನ ಒಂದೇ. ಮತ್ತೆ ಬೆಡ್‌ನದೇ ಯಾಕೆ ಹೀಗಾಯಿತು? ಬಲೆಯಲ್ಲೇ ಏನಾದರೂ ದೋಷವಿದೆಯಾ?

---

ಬೆಟ್ಟದಗಾಳಿ

ಬಲೆಯದೇ ತಪ್ಪು. ನೈಲಾನ್ ತೆಗೆದು ಸ್ಟೀಲ್ ಜಾಲರಿ ಹಾಕಿ.

---

ಹುರಿಮನೆ

ಇಷ್ಟು ಬೇಗ ತೀರ್ಮಾನ ಬೇಡ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಉತ್ತರ ಸಿಗುವುದಿಲ್ಲ.

ನಾನು ಕಾಫಿ ಹುರಿಯುವವಳು. ಬಿಳಿಚಿದ ಬೀಜಕ್ಕೆ ನಾವು ಕ್ವೇಕರ್ ಎನ್ನುತ್ತೇವೆ. ಪಕ್ಕದ ಬೀಜ ಕಂದಾಗಿದ್ದರೂ ಇದು ಮಾಸಲು ಹಳದಿಯಾಗಿಯೇ ಉಳಿಯುತ್ತದೆ. ಬಾಯಿಗೆ ಹಾಕಿಕೊಂಡರೆ ಒಣ ಕಾಗದ, ಕಡಲೆಕಾಯಿ ಸಿಪ್ಪೆ ಅಗಿದ ಹಾಗೆ. ಕಾಯಿ ಬಲಿಯುವ ಮೊದಲೇ ಕಿತ್ತರೆ ಬೀಜದೊಳಗೆ ಸಕ್ಕರೆ ಸರಿಯಾಗಿ ಸೇರಿರುವುದಿಲ್ಲ. ಹುರಿದಾಗ ಬಣ್ಣ ಬರಲು ಅಲ್ಲಿ ಸರಕೇ ಇರುವುದಿಲ್ಲ. ಕಣವಾಗಲಿ ಬೆಡ್ ಆಗಲಿ ಇದನ್ನು ಉಂಟುಮಾಡುವುದಿಲ್ಲ, ಸರಿ ಮಾಡುವುದೂ ಇಲ್ಲ.

ಹುಳಿ, ಮುಗ್ಗಲು ಮಾತ್ರ ಕೊಯ್ಲು ಆದಮೇಲೆ ಹುಟ್ಟಿದ್ದಿರಬಹುದು. ಒಂದು ಕೆಲಸ ಮಾಡ್ತೀರಾ? ಎರಡೂ ಲಾಟಿನಿಂದ 350 ಗ್ರಾಂ ಹಸಿ ಬೀಜ ತೆಗೆದು ಕೆಂಪು ಮಿಶ್ರಿತ ಕಂದು ಬೀಜ, ಪೂರ್ತಿ ಕಪ್ಪು ಬೀಜ, ಬೂಷ್ಟು ಹಿಡಿದ ಬೀಜ ಎಣಿಸಿ. ಆಮೇಲೆ ಎರಡರಿಂದಲೂ 100 ಗ್ರಾಂ ಒಂದೇ ಹದಕ್ಕೆ ಹುರಿದು ಬಿಳಿಚಿದ್ದನ್ನು ಎಣಿಸಿ. ಎರಡೂ ಲೆಕ್ಕವನ್ನು ಇಲ್ಲಿ ಹಾಕಿ.

---

ತೇಲುಹಣ್ಣು

ಹಣ್ಣನ್ನು ನೀರಿನ ತೊಟ್ಟಿಗೆ ಹಾಕಿ ತೇಲುವುದನ್ನು ತೆಗೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾವು ಹಾಗೇ ಮಾಡುತ್ತೇವೆ. ಕೊಯ್ಯುವವರ ಹಿಂದೆ ಓಡಾಡುವ ಅಗತ್ಯವೇ ಇಲ್ಲ. ಕೆಟ್ಟದ್ದೆಲ್ಲ ಮೇಲೆ ಬರುತ್ತದೆ, ಒಳ್ಳೆಯದು ಮುಳುಗುತ್ತದೆ.

---

ಹೊಸಕಣ

@ತೇಲುಹಣ್ಣು ಸರ್, ತೇಲಿಸಿಯೇ ಹಾಕಿದ್ದು. ಎರಡೂ ಪಾಲು ಒಂದೇ ತೊಟ್ಟಿಯಲ್ಲಿ.

@ಹುರಿಮನೆ ಮೇಡಂ, ಎಣಿಸಿ ಹೇಳುತ್ತೇನೆ.

---

ಕಣದಮೇಸ್ತ್ರಿ

ತೇಲಿಸುವುದು ಒಳ್ಳೆಯ ಅಭ್ಯಾಸ. ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಗೊತ್ತಿರಬೇಕು.

ತೇಲುವುದು ಹಗುರವಾದದ್ದು ಅಷ್ಟೇ. ಬೋರರ್ ಹುಳು ಕೊರೆದದ್ದು, ಗಿಡದಲ್ಲೇ ಒಣಗಿದ್ದು, ಒಂದು ಕಡೆ ಜೊಳ್ಳಾದದ್ದು ಮೇಲೆ ಬರುತ್ತವೆ. ಗಟ್ಟಿ ಹಸಿರು ಕಾಯಿ ಕಲ್ಲಿನ ಹಾಗೆ ಮುಳುಗುತ್ತದೆ. ಅರ್ಧ ಹಣ್ಣಾದದ್ದೂ ಮುಳುಗುತ್ತದೆ. ಹಾಗಾಗಿ ತೊಟ್ಟಿಯ ತಳದಲ್ಲಿರುವುದೆಲ್ಲ ಒಳ್ಳೆಯದು ಎಂದುಕೊಂಡರೆ ಕ್ವೇಕರ್ ಪೂರ್ತಿ ಒಳಗೇ ಉಳಿಯುತ್ತದೆ. ಹಸಿರು ಕಾಯಿ ಹೊರಗೆ ಹೋಗಬೇಕಾದರೆ ಕೊಯ್ಯುವ ಕೈಯಲ್ಲಿ ಹೋಗಬೇಕು, ಇಲ್ಲವೇ ಟಾರ್ಪಾಲಿನ್ ಮೇಲೆ ಹರಡಿ ಕೈಯಲ್ಲಿ ಆರಿಸಬೇಕು.

ಹೊಸಕಣ ಅವರೇ, ನಾಲ್ಕು ಪ್ರಶ್ನೆ. ಬೆಡ್‌ನ ಉದ್ದ ಅಗಲ ಎಷ್ಟು? ಕಣದ ಮೇಲೆ ಎಷ್ಟು ಜಾಗದಲ್ಲಿ ಹರಡಿದ್ದಿರಿ? ರಾತ್ರಿ ಏನು ಮುಚ್ಚುತ್ತಿದ್ದಿರಿ? ಕೊಯ್ದ ದಿನವೇ ಹರಡಿದಿರಾ, ಮರುದಿನವಾ?

---

ತೇಲುಹಣ್ಣು

ಹಸಿರು ಮುಳುಗುತ್ತದೆ ಎನ್ನುವುದು ಒಪ್ಪಿದೆ. ಆದರೆ ಹಸಿರು ಕಾಯಿ ಒಣಗಿದ ಮೇಲೆ ಬೇರೆಯಾಗಿಯೇ ಕಾಣುತ್ತದಲ್ಲ, ಆಗ ಆರಿಸಿದರೆ ಆಯಿತು.

---

ಕಣದಮೇಸ್ತ್ರಿ

ಮೊದಲ ಎರಡು ಮೂರು ದಿನ ಮಾತ್ರ ಕಾಣುತ್ತದೆ. ಆಮೇಲೆ ಹಸಿರು ಕಾಯಿಯೂ ಕಪ್ಪಾಗುತ್ತದೆ, ಕೆಂಪು ಹಣ್ಣೂ ಕಪ್ಪಾಗುತ್ತದೆ. ಅಷ್ಟರೊಳಗೆ ಆರಿಸದಿದ್ದರೆ, ಒಣ ಸಿಪ್ಪೆ ಬಿಡಿಸುವ ಹಲ್ಲಿಂಗ್ ಆಗುವವರೆಗೆ ಗೊತ್ತಾಗುವುದಿಲ್ಲ. ಹಲ್ಲಿಂಗ್ ಆದಮೇಲೂ ಕಣ್ಣಿಗೆ ಬೀಳುವುದು ಕೆಲವು ಮಾತ್ರ. ಬೀಜ ಸಣ್ಣಗೆ, ದೋಣಿಯ ಹಾಗೆ ಒಳಗೆ ಬಾಗಿ, ಬೆಳ್ಳಿಪೊರೆ ಬಿಡದೆ ಅಂಟಿಕೊಂಡಿದ್ದರೆ ಅದು ಎಳೆಯದು. ಉಳಿದವನ್ನು ಹುರಿದ ಮೇಲೆಯೇ ನೋಡಬೇಕು.

---

ರೋಬಸ್ಟಾದವ

ನಮಗೆ ಈ ತಲೆನೋವು ಕಡಿಮೆ. ರೋಬಸ್ಟಾ ಹಣ್ಣಾದ ಮೇಲೂ ಗಿಡದಲ್ಲೇ ನಿಲ್ಲುತ್ತದೆ, ಅರೇಬಿಕಾದ ಹಾಗೆ ಬೇಗ ಉದುರುವುದಿಲ್ಲ. ಕಾದು ಒಂದೆರಡು ಸುತ್ತಿನಲ್ಲಿ ಮುಗಿಸಬಹುದು. ಎಲ್ಲರೂ ರೋಬಸ್ಟಾ ಹಾಕಿ!

---

ಬೆಟ್ಟದಗಾಳಿ

ಅವರು ಕೇಳಿದ್ದು ಒಣಗಿಸುವುದರ ಬಗ್ಗೆ ಸರ್, ತಳಿ ಬದಲಾಯಿಸುವುದರ ಬಗ್ಗೆ ಅಲ್ಲ.

---

ಹೊಸಕಣ

ಲೆಕ್ಕ ಸಿಕ್ಕಿತು.

ಹುರಿದ 100 ಗ್ರಾಂನಲ್ಲಿ ಬಿಳಿಚಿದ ಬೀಜ ಕಣದ್ದು 9, ಬೆಡ್‌ನದು 10.
ಹಸಿ ಬೀಜ 350 ಗ್ರಾಂನಲ್ಲಿ ಕೆಂಪು ಕಂದು ಬೀಜ ಕಣದ್ದು 1, ಬೆಡ್‌ನದು 13. ಬೂಷ್ಟಿನ ಚುಕ್ಕೆ ಇರುವುದು ಕಣದಲ್ಲಿ ಇಲ್ಲ, ಬೆಡ್‌ನಲ್ಲಿ 4. ಪೂರ್ತಿ ಕಪ್ಪು ಎರಡರಲ್ಲೂ ಇಲ್ಲ.

ಮೇಸ್ತ್ರಿಯವರೇ, ಬೆಡ್ 1 ಮೀಟರ್ ಅಗಲ, 20 ಮೀಟರ್ ಉದ್ದ. ಕಣದ ಮೇಲೆ ಸುಮಾರು 50 ಚದರ ಮೀಟರ್‌ನಲ್ಲಿ ಹರಡಿದ್ದೆವು. ರಾತ್ರಿ ಎರಡಕ್ಕೂ ಪ್ಲಾಸ್ಟಿಕ್ ಹಾಳೆ. ಕಣದಲ್ಲಿ ಸಂಜೆ ಏರಿ ಮಾಡಿ, ಮೇಲೆ ಮೊದಲು ಗೋಣಿಚೀಲ, ಆಮೇಲೆ ಹಾಳೆ. ಬೆಡ್‌ನಲ್ಲಿ ನೇರ ಹಣ್ಣಿನ ಮೇಲೆಯೇ ಹಾಳೆ. ಕೊಯ್ದ ದಿನ ಸಂಜೆಯೇ ಎರಡೂ ಕಡೆ ಹರಡಿದೆವು, ಮೂಟೆಯಲ್ಲಿ ಇಡಲಿಲ್ಲ.

---

ಹುರಿಮನೆ

ನೋಡಿ, ಲೆಕ್ಕವೇ ಹೇಳುತ್ತಿದೆ. ಬಿಳಿಚಿದ್ದು ಎರಡರಲ್ಲೂ ಹೆಚ್ಚುಕಡಿಮೆ ಸಮ. ಅಂದರೆ ಅದು ಗಿಡದಿಂದಲೇ ಬಂತು. ಕಂದು ಬೀಜ 1ಕ್ಕೆ 13. ಅದು ಬೆಡ್ ಮೇಲೆ ಹುಟ್ಟಿತು.

ಸ್ಪೆಷಾಲಿಟಿ ಕಾಫಿ ಸಂಘವಾದ ಎಸ್‌ಸಿಎಯವರು ಬಹಳ ಕಾಲ ಬಳಸಿದ ದರ್ಜೆ ಪಟ್ಟಿಯಲ್ಲಿ 350 ಗ್ರಾಂನಲ್ಲಿ ಒಂದು ಪೂರ್ತಿ ಹುಳಿ ಬೀಜ, ಅಂದರೆ ಇಂಥ ಕೆಂಪು ಕಂದು ಬೀಜ, ಸಿಕ್ಕರೂ ಸ್ಪೆಷಾಲಿಟಿ ದರ್ಜೆ ಇಲ್ಲ. ಹುರಿದ 100 ಗ್ರಾಂನಲ್ಲಿ ಕ್ವೇಕರ್ ಒಂದೂ ಇರಬಾರದು. ಹಾಗಾಗಿ ಕಣದ ಲಾಟ್ ಕೂಡ ಪಾಸಾಗಿಲ್ಲ, ವಾಸನೆ ಬರಲಿಲ್ಲ ಅಷ್ಟೇ.

---

ಕಣದಮೇಸ್ತ್ರಿ

ಈಗ ಸ್ಪಷ್ಟವಾಯಿತು. ನೀವು ಕಣವನ್ನೂ ಬೆಡ್ಡನ್ನೂ ಹೋಲಿಸಿದ್ದೇ ಅಲ್ಲ. ತೆಳು ಹರಡಿದ್ದನ್ನೂ ದಪ್ಪ ಹರಡಿದ್ದನ್ನೂ ಹೋಲಿಸಿದ್ದೀರಿ.

ಕಣದಲ್ಲಿ 800 ಕೆಜಿಯನ್ನು 50 ಚದರ ಮೀಟರ್‌ಗೆ ಹಾಕಿದರೆ ಚದರ ಮೀಟರ್‌ಗೆ 16 ಕೆಜಿ. ಹಸಿ ಹಣ್ಣು ಆ ತೂಕದಲ್ಲಿ ಎರಡೂವರೆ ಸೆಂಟಿಮೀಟರ್ ಆಸುಪಾಸು ದಪ್ಪ ಕೂರುತ್ತದೆ, ಒಂದು ಹಣ್ಣಿನ ಮೇಲೆ ಇನ್ನೊಂದು ಅಷ್ಟೇ. ಬೆಡ್‌ನಲ್ಲಿ 20 ಚದರ ಮೀಟರ್‌ಗೆ ಅದೇ 800 ಕೆಜಿ. ಚದರ ಮೀಟರ್‌ಗೆ 40 ಕೆಜಿ, ಆರು ಸೆಂಟಿಮೀಟರ್‌ಗಿಂತ ಜಾಸ್ತಿ. ಅದೂ ಬಲೆ ಬಿಗಿಯಾಗಿದ್ದರೆ. ಹೊಸ ನೈಲಾನ್ ಬಲೆ ಆ ಭಾರಕ್ಕೆ ನಡುವೆ ಜೋತು ಬಿದ್ದಿರುತ್ತದೆ. ಹಣ್ಣೆಲ್ಲ ನಡುವಿಗೆ ಉರುಳಿ ಅಲ್ಲಿ ಇನ್ನೂ ದಪ್ಪವಾಗಿರುತ್ತದೆ. ಜೋತು ಬಿದ್ದಿತ್ತು ಅಲ್ವಾ?

ಬೆಡ್‌ನ ಲಾಭ ಏನು? ಕೆಳಗಿನಿಂದಲೂ ಗಾಳಿ ಆಡುತ್ತದೆ. ಇಥಿಯೋಪಿಯಾ, ಕೀನ್ಯಾಗಳಲ್ಲಿ ಬೆಡ್ ಮೇಲೆ ಒಣಗಿಸುವಾಗ ತೆಳುವಾಗಿ ಹರಡಿ, ದಿನವಿಡೀ ಕೈಯಾಡಿಸುತ್ತಾರೆ, ಕೆಟ್ಟದ್ದನ್ನು ಹೆಕ್ಕುತ್ತಲೇ ಇರುತ್ತಾರೆ. ಆರು ಸೆಂಟಿಮೀಟರ್ ಹಸಿ ಹಣ್ಣು ತುಂಬಿದರೆ ಗಾಳಿ ಒಳಗೆ ನುಗ್ಗುವುದಿಲ್ಲ. ಇನ್ನೊಂದು ವಿಷಯ. ಸಿಮೆಂಟ್ ಹಗಲು ಕಾದು ತಳದ ಹಣ್ಣಿಗೂ ಬಿಸಿ ಕೊಡುತ್ತದೆ, ಬಲೆ ಕೊಡುವುದಿಲ್ಲ. ಹಾಗಾಗಿ ದಪ್ಪ ಹಾಕಿದ ಬೆಡ್, ದಪ್ಪ ಹಾಕಿದ ಕಣಕ್ಕಿಂತ ನಿಧಾನವಾಗಬಹುದು.

ಮೊದಲ ಮೂರು ದಿನ ಎಲ್ಲಕ್ಕಿಂತ ಮುಖ್ಯ. ಹಣ್ಣಿನಲ್ಲಿ ನೂರಕ್ಕೆ ಸುಮಾರು 65 ಭಾಗ ನೀರು ಇರುತ್ತದೆ, ಸಿಪ್ಪೆ ಒಳಗೆ ಸಿಹಿ ಲೋಳೆ. ರಾಶಿಯ ನಡುವೆ ಬಿಸಿಯಾಗಿ ಯೀಸ್ಟ್, ಬ್ಯಾಕ್ಟೀರಿಯಾ ಎರಡೂ ಕೆಲಸ ಶುರು ಮಾಡುತ್ತವೆ. ಸ್ವಲ್ಪ ಹೊತ್ತು ಆದರೆ ಹಣ್ಣಿನ ಪರಿಮಳ, ಜಾಸ್ತಿಯಾದರೆ ಅಸಿಟಿಕ್ ಆಮ್ಲ. ಅದು ಬೀಜದೊಳಗೆ ಇಳಿದರೆ ನೀವು ಎಣಿಸಿದ ಕೆಂಪು ಕಂದು ಬಣ್ಣ, ನಿಮ್ಮ ಕೊಳ್ಳುವವರು ಹೇಳಿದ ವಿನೆಗರ್.

---

ಹೊಸಕಣ

ಹೌದು, ಬಲೆ ನಡುವೆ ಚೆನ್ನಾಗಿ ಜೋತಿತ್ತು. ಗಂಟೆಗೊಮ್ಮೆ ತಿರುಗಿಸಬೇಕು ಎಂದು ಹೇಳಿದ್ದೆ. ಆದರೆ ಬೆಡ್ ಅಂಚಿನ ಹಣ್ಣು ಮಾತ್ರ ಚೆನ್ನಾಗಿ ತಿರುಗುತ್ತಿತ್ತು, ನಡುವಿನ ತಳಕ್ಕೆ ಕೈ ಹೋಗುತ್ತಿರಲಿಲ್ಲ.

ಮುಗ್ಗಲು ಮಾತ್ರ ಅರ್ಥವಾಗಲಿಲ್ಲ. ಮಳೆ ಬಂದೇ ಇಲ್ಲ.

---

ಕಣದಮೇಸ್ತ್ರಿ

ಮಳೆ ಬೇಕಿಲ್ಲ, ನಿಮ್ಮ ಹಾಳೆ ಸಾಕು. ಬಿಸಿಲಲ್ಲಿ ಕಾದ ಹಸಿ ಹಣ್ಣು ರಾತ್ರಿಯೂ ಆವಿ ಬಿಡುತ್ತಲೇ ಇರುತ್ತದೆ. ಹಾಳೆ ನೇರ ಮೇಲೆ ಬಿದ್ದಿದ್ದರೆ ಆವಿ ಅದರ ಒಳಮೈಗೆ ತಗುಲಿ ನೀರಾಗಿ ಮತ್ತೆ ಹಣ್ಣಿನ ಮೇಲೇ ಇಳಿಯುತ್ತದೆ. ಬೆಳಿಗ್ಗೆ ಹಾಳೆ ಎತ್ತಿದಾಗ ಒಳಗೆ ಹನಿ ಇರುತ್ತಿತ್ತಾ ನೆನಪು ಮಾಡಿಕೊಳ್ಳಿ. ಕಣದಲ್ಲಿ ನಡುವೆ ಗೋಣಿ ಇತ್ತು, ಅದು ಹನಿ ಹೀರಿತು. ಹಗಲು ಒಣಗಿದ ಸಿಪ್ಪೆ ರಾತ್ರಿ ಮತ್ತೆ ಒದ್ದೆಯಾಗುವುದು ಬೂಷ್ಟಿಗೆ ಬಲು ಇಷ್ಟ.

ಬೆಡ್ ಮೇಲೆ ಒಂದಡಿ ಎತ್ತರಕ್ಕೆ ಬಿದಿರು ಬಾಗಿಸಿ ಕಮಾನು ಕಟ್ಟಿ, ಅದರ ಮೇಲೆ ಹಾಳೆ ಹೊದಿಸಿ, ಎರಡು ಬದಿ ತೆರೆದಿಡಿ. ಹಾಳೆ ಹಣ್ಣಿಗೆ ತಾಗಬಾರದು. ಮೊದಲ ಎರಡು ರಾತ್ರಿ ಇಬ್ಬನಿ ಇಲ್ಲದಿದ್ದರೆ ನಾನು ಮುಚ್ಚುವುದೇ ಇಲ್ಲ.

---

ಹುರಿಮನೆ

ಬೂಷ್ಟಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರುಚಿಯ ಪ್ರಶ್ನೆ ಮಾತ್ರ ಅಲ್ಲ. ಕೆಲವು ಆಸ್ಪರ್ಜಿಲಸ್ ಬೂಷ್ಟುಗಳು ಓಕ್ರಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹಣ್ಣು ತೀರಾ ಒದ್ದೆಯೂ ಅಲ್ಲದೆ ಪೂರ್ತಿ ಒಣಗಿದ್ದೂ ಅಲ್ಲದೆ ನಡುವೆ ಹಲವು ದಿನ ಉಳಿದಾಗಲೇ ಅದಕ್ಕೆ ಅನುಕೂಲ. ಬೂಷ್ಟು ಕಂಡ ಬೀಜವನ್ನು ಆರಿಸಿ ಎಸೆಯಿರಿ, ಮನೆಗೂ ಬಳಸಬೇಡಿ.

---

ಬೆಟ್ಟದಗಾಳಿ

ಹಾಗಾದರೆ ಬೆಡ್ ಯಾಕೆ ಬೇಕು? ಕಣವೇ ಸಾಕಲ್ಲ. ಕಡಿಮೆ ಕೆಲಸ, ಜಾಸ್ತಿ ಜಾಗ, ಬೇಗ ಒಣಗುತ್ತದೆ.

---

ಕಣದಮೇಸ್ತ್ರಿ

ಬೇಗ ಒಣಗುವುದೂ ಒಂದು ತೊಂದರೆ. ಮಧ್ಯಾಹ್ನದ ಬಿಸಿಲಲ್ಲಿ ಸಿಮೆಂಟ್ ಮೇಲೆ ಬರಿಗಾಲಿಟ್ಟು ನೋಡಿ. ಹಣ್ಣಿನ ಮೈ 45 ಡಿಗ್ರಿ ದಾಟಿದರೆ ಸಿಪ್ಪೆ ಗಟ್ಟಿ ಕಟ್ಟುತ್ತದೆ, ಒಳಗಿನ ನೀರು ಹೊರಗೆ ಬರಲು ದಾರಿ ಇಲ್ಲ. ತೇವದ ಮೀಟರ್ ನೂರಕ್ಕೆ 11 ತೋರಿಸುತ್ತದೆ, ಮೂಟೆ ಕಟ್ಟುತ್ತೀರಿ. ಕೆಲವು ವಾರದಲ್ಲಿ ಒಳಗಿನ ನೀರು ಸಮವಾಗಿ ಹರಡಿ ಅದೇ ಕಾಫಿ 13 ತೋರಿಸುತ್ತದೆ. ಬೀಜ ಮಾಸಲಾಗಿ, ರುಚಿ ಬೇಗ ಹಳತಾಗುತ್ತದೆ. ಹೊಸಕಣ ಅವರು ಕಣದ ಲಾಟನ್ನು ಇನ್ನೊಮ್ಮೆ ಅಳೆದು ನೋಡಬೇಕು.

ಪಲ್ಪ್ ಮಾಡಿ ಹೊಟ್ಟಿನ ಸಮೇತ ಒಣಗಿಸುವ ಪಾರ್ಚ್‌ಮೆಂಟ್ ಆದರೆ ಇನ್ನೂ ಸೂಕ್ಷ್ಮ, 40 ಡಿಗ್ರಿ ದಾಟಬಾರದು. ಹೊಟ್ಟು ಸೀಳಿ ಬೀಜ ಬಿಸಿಲಿಗೆ ಬಿದ್ದು ಬಿಳಿಚುತ್ತದೆ. ನಡು ಮಧ್ಯಾಹ್ನ ಗುಡ್ಡೆ ಮಾಡಿ ಮುಚ್ಚಬೇಕು.

---

ಪುಟ್ಟತೋಟ

ನಾನು ಹೊಸಬಳು. ಒಣಗಿದೆ ಎಂದು ಮೀಟರ್ ಇಲ್ಲದೆ ಹೇಗೆ ತಿಳಿಯುವುದು? ಅಲ್ಲಾಡಿಸಿದರೆ ಗಲಗಲ ಎಂದರೆ ಸಾಕು ಅಂತಾರೆ.

---

ಕಣದಮೇಸ್ತ್ರಿ

ಗಲಗಲ ಎನ್ನುವುದು ಹತ್ತಿರ ಬಂದಿದೆ ಎಂಬ ಸೂಚನೆ, ಮುಗಿಯಿತು ಎಂದಲ್ಲ. ತೂಕ ನೋಡುವುದು ಇನ್ನೂ ನಂಬಿಕೆಯ ದಾರಿ. ಹರಡುವ ದಿನವೇ ಅದೇ ರಾಶಿಯಿಂದ 10 ಕೆಜಿ ತೂಗಿ, ಬಲೆ ಚೀಲಕ್ಕೆ ಹಾಕಿ, ಸಡಿಲವಾಗಿ ಕಟ್ಟಿ ಅದೇ ಬೆಡ್ ಮೇಲೆ ತೆಳುವಾಗಿ ಹಾಸಿ. ಉಳಿದದ್ದನ್ನು ತಿರುಗಿಸುವಾಗ ಅದನ್ನೂ ತಿರುಗಿಸಿ. 65 ಭಾಗ ನೀರು ಎಂದರೆ ಅದರಲ್ಲಿ ಒಣ ಸರಕು ಮೂರೂವರೆ ಕೆಜಿ. 11 ಭಾಗ ತೇವಕ್ಕೆ ಇಳಿದಾಗ ಚೀಲ 3.9 ಕೆಜಿ ಆಸುಪಾಸು ತೂಗಬೇಕು. ಹಣ್ಣಿನ ನೀರು ತೋಟದಿಂದ ತೋಟಕ್ಕೆ ಬೇರೆ, ಹಾಗಾಗಿ ಇದು ಅಂದಾಜು. ಎರಡು ದಿನ ತೂಕ ಇಳಿಯದೆ ನಿಂತಿದೆಯಾ ಎಂದೂ ನೋಡಿ. ಮೂಟೆ ಕಟ್ಟುವ ಮೊದಲು ಒಮ್ಮೆ ಮೀಟರ್ ಇರುವವರ ಹತ್ತಿರ ತೋರಿಸಿ.

---

ಪುಟ್ಟತೋಟ

ತುಂಬಾ ಉಪಕಾರ ಆಯಿತು ಸರ್. ನಮ್ಮಲ್ಲಿ ಸ್ವಲ್ಪ ಹಳದಿ ಹಣ್ಣಿನ ತಳಿಯೂ ಇದೆ. ಅದು ಕೆಂಪಾಗುವುದೇ ಇಲ್ಲ. ಕೊಯ್ಯುವವರಿಗೆ ಏನು ಹೇಳಲಿ?

---

ಬುಟ್ಟಿಯವಳು

ಇದಕ್ಕೆ ನಾನು ಹೇಳುತ್ತೇನೆ, ಹಣ್ಣು ಬಿಡಿಸುವ ಕೆಲಸವೇ ನನ್ನದು. ಬಣ್ಣಕ್ಕಿಂತ ಬೆರಳು ನಂಬಬೇಕಕ್ಕ. ಮೆಲ್ಲಗೆ ಹಿಸುಕಿದರೆ ಬೀಜ ತಾನೇ ಜಾರಿ ಹೊರಗೆ ಬಂದು ಲೋಳೆ ಅಂಟಿದರೆ ಹಣ್ಣಾಗಿದೆ. ಗಟ್ಟಿಯಾಗಿದ್ದು ಬೀಜ ಬರದಿದ್ದರೆ ಬಿಡಬೇಕು. ತೊಟ್ಟಿನ ಸುತ್ತ ನೋಡಿ, ಅಲ್ಲಿ ಹಸಿರು ಉಂಗುರ ಉಳಿದಿದ್ದರೆ ಇನ್ನೂ ಸಮಯ ಇದೆ. ಮುಂದಿನಿಂದ ಕೆಂಪು, ಹಿಂದಿನಿಂದ ಹಸಿರು ಇರುವುದೇ ಮೋಸ ಮಾಡುವುದು. ಎಲೆಯ ನೆರಳಲ್ಲಿ ಬೇಗ ಬೇಗ ಕೀಳುವಾಗ ಅದು ಕಾಣುವುದಿಲ್ಲ.

ಇನ್ನೊಂದು ಮಾತು. ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟು, ಹಸಿರು ಯಾಕೆ ಕಿತ್ತಿರಿ ಎಂದು ಬೈಯುವುದು ಸರಿಯಲ್ಲ. ಹಸಿರು ಕಾಯಿಯೂ ತೂಗುತ್ತದೆ. ಒಂದೊಂದೇ ಆರಿಸಿದರೆ ಬುಟ್ಟಿ ತುಂಬುವುದಿಲ್ಲ, ಮನೆಗೆ ಹಣ ಕಡಿಮೆ ಹೋಗುತ್ತದೆ. ಆರಿಸಿ ಕೊಯ್ಯಬೇಕೆಂದರೆ ದಿನದ ಕೂಲಿ ಕೊಡಿ, ಇಲ್ಲವೇ ಕೆಜಿಗೆ ಜಾಸ್ತಿ ಕೊಡಿ.

---

ತೇಲುಹಣ್ಣು

ದಿನದ ಕೂಲಿ ಕೊಟ್ಟರೆ ಅರ್ಧ ಬುಟ್ಟಿಯೂ ಬರುವುದಿಲ್ಲ.

---

ಬುಟ್ಟಿಯವಳು

ಗಿಡದಲ್ಲಿ ಹಣ್ಣಾಗಿರುವುದೇ ಅರ್ಧ ಬುಟ್ಟಿಯಾದರೆ ಅರ್ಧ ಬುಟ್ಟಿಯೇ ಬರಬೇಕಲ್ಲ ಸರ್. ಹೂವು ಎರಡು ಮೂರು ಸಲ ಬಿಟ್ಟಿದ್ದರೆ ಹಣ್ಣೂ ಹಾಗೇ ಹಿಂದೆ ಮುಂದೆ ಬರುತ್ತದೆ. ಹತ್ತು ಹದಿನೈದು ದಿನ ಬಿಟ್ಟು ಮತ್ತೆ ಕರೆಯಿರಿ, ಬರುತ್ತೇವೆ.

---

ಹುರಿಮನೆ

ಬುಟ್ಟಿಯವಳ ಮಾತು ನೂರಕ್ಕೆ ನೂರು ಸರಿ. ಎರಡು ಬುಟ್ಟಿ ಕೊಡುವ ಪದ್ಧತಿ ಒಳ್ಳೆಯದು. ಒಂದು ಹಣ್ಣಿಗೆ, ಚಿಕ್ಕದೊಂದು ತಪ್ಪಿ ಬಂದ ಹಸಿರು ಮತ್ತು ಒಣಗಿದ್ದಕ್ಕೆ. ಎರಡನ್ನೂ ತೂಗಿ ಕೂಲಿ ಕೊಟ್ಟರೆ ಯಾರೂ ಹಸಿರನ್ನು ಅಡಿಯಲ್ಲಿ ಬಚ್ಚಿಡುವುದಿಲ್ಲ.

---

ಬೆಟ್ಟದಗಾಳಿ

ಹೀಗೆ ಹಣ್ಣಿನ ಸಮೇತ ಒಣಗಿಸುವ ನ್ಯಾಚುರಲ್‌ಗೆ ಕಡು ನೇರಳೆ ಬಣ್ಣ ಬರುವವರೆಗೆ ಬಿಡಬೇಕು ಎನ್ನುತ್ತಾರೆ, ಸಿಹಿ ಜಾಸ್ತಿ ಅಂತೆ. ಕ್ವೇಕರ್ ಭಯವೂ ಇಲ್ಲ.

---

ಹುರಿಮನೆ

ಬಿಗಿ ಇರುವ ಕಡುಗೆಂಪು ಚೆನ್ನ. ಮೆತ್ತಗಾಗಿ ಸುಕ್ಕು ಬಿದ್ದ ನೇರಳೆ ಬೇಡ, ಗಿಡದಲ್ಲೇ ಹುಳಿ ಶುರುವಾಗಿರುತ್ತದೆ.

---

ಕಣದಮೇಸ್ತ್ರಿ

ಇದರಲ್ಲಿ ನನ್ನ ಅಭಿಪ್ರಾಯ ಬೇರೆ ಮೇಡಂ. ಒಣ ಹವೆಯಲ್ಲಿ, ತೆಳುವಾಗಿ ಹರಡಿದರೆ ನೇರಳೆ ಹಣ್ಣು ಅದ್ಭುತ ಕಪ್ ಕೊಡುತ್ತದೆ. ತೇವದ ಹವೆಯಲ್ಲಿ ಮಾತ್ರ ನಿಮ್ಮ ಮಾತು ಸರಿ.

---

ಹುರಿಮನೆ

ಕೊಯ್ಯುವ ದಿನ ಮುಂದಿನ ಎರಡು ವಾರದ ಹವೆ ಯಾರಿಗೆ ಗೊತ್ತು? ನಾನು ಬಿಗಿ ಹಣ್ಣನ್ನೇ ಕೇಳುತ್ತೇನೆ.

---

ಹೊಸಕಣ

ಎಲ್ಲರಿಗೂ ಧನ್ಯವಾದ. ಕಣದ ಲಾಟನ್ನು ಮತ್ತೆ ಅಳೆದೆ. ಮೂಟೆ ಕಟ್ಟುವಾಗ 11 ಇದ್ದದ್ದು ಈಗ 12.4. ಮತ್ತೆ ತೆಳುವಾಗಿ ಹರಡಿ, ಮಧ್ಯಾಹ್ನ ನೆರಳು ಬಲೆ ಕಟ್ಟಿದ್ದೇನೆ.

ಒಂದು ಅನುಮಾನ ಉಳಿದಿದೆ. ಆ ದಿನ ತೊಟ್ಟಿಗೆ ಹಾಕುವ ಮೊದಲು ನಾವು ಹಸಿರು ಆರಿಸಿದ್ದೆವು. ಎರಡು ಬುಟ್ಟಿಯಷ್ಟು ಹೊರಗೆ ಹೋಯಿತು. ಆದರೂ 9, 10 ಬಿಳಿಚಿದ ಬೀಜ ಹೇಗೆ ಬಂತು?

---

ಕಣದಮೇಸ್ತ್ರಿ

ಆ ಹಣ್ಣಿನಲ್ಲಿ ಎಲೆ ಉದುರಿದ ಗಿಡದ್ದು ಇತ್ತಾ? ಕೊಂಬೆ ಒಣಗಿದ, ಬರಕ್ಕೆ ಸಿಕ್ಕ, ಶಕ್ತಿ ಮೀರಿ ಕಾಯಿ ಹೊತ್ತ ಗಿಡದಲ್ಲಿ ಸಿಪ್ಪೆ ಬೇಗ ಕೆಂಪಾಗುತ್ತದೆ, ಒಳಗೆ ಬೀಜ ತುಂಬಿರುವುದಿಲ್ಲ. ಅಂಥದ್ದು ಕಣ್ಣಿಗೆ ಹಣ್ಣು, ಹುರಿದರೆ ಕ್ವೇಕರ್. ಆರಿಸುವವರ ತಪ್ಪೇನೂ ಇರುವುದಿಲ್ಲ.

---

ಹೊಸಕಣ

ಮೇಲಿನ ಪಟ್ಟೆಯಲ್ಲಿ ನೆರಳು ಮರ ಬಿದ್ದು ಗಿಡಗಳು ಬಿಸಿಲಿಗೆ ಸಿಕ್ಕಿದ್ದವು. ಎಲೆಯೂ ಕಡಿಮೆ ಇತ್ತು. ಆ ದಿನ ಅದನ್ನೂ ಸೇರಿಸಿಯೇ ಕೊಯ್ದಿದ್ದು.

---

ಬುಟ್ಟಿಯವಳು

ಅಂಥ ಗಿಡದ ಹಣ್ಣು ಹಿಸುಕಿದರೆ ರಸ ಕಡಿಮೆ, ಬೀಜ ಚಿಕ್ಕದು. ನಮಗೆ ಗೊತ್ತಾಗುತ್ತದೆ, ಕೇಳುವವರು ಇಲ್ಲ ಅಷ್ಟೇ.

---

ಹುರಿಮನೆ

ಅದೇ ಕಾರಣ ಎಂದು ಈಗಲೇ ಹೇಳಲಾರೆ. ಅರ್ಧ ಹಣ್ಣಾದದ್ದು ತಪ್ಪಿ ಹೋಗಿರಲೂಬಹುದು. ಮೇಲಿನ ಪಟ್ಟೆಯದು ಬೇರೆ ಮೂಟೆಯಲ್ಲಿ ಸ್ವಲ್ಪವಾದರೂ ಉಳಿದಿದೆಯಾ? ಇದ್ದರೆ ಹಲ್ಲಿಂಗ್ ಮಾಡಿ 100 ಗ್ರಾಂ ಕಳಿಸಿ. ಕೆಳಗಿನ ಪಟ್ಟೆಯದೂ ಅಷ್ಟೇ ಕಳಿಸಿ. ಒಟ್ಟಿಗೆ ಹುರಿದು ಎಣಿಸೋಣ.

---

ಹೊಸಕಣ

ನಂತರದ ಸುತ್ತಿನ ಹಣ್ಣನ್ನು ಪಟ್ಟೆವಾರು ಬೇರೆ ಬೇರೆ ಒಣಗಿಸಿದ್ದೆವು. ಎರಡು ಚೀಲ ಇವೆ. ಈ ವಾರ ಕಳಿಸುತ್ತೇನೆ ಮೇಡಂ.

---

ರೋಬಸ್ಟಾದವ

ಫಲಿತಾಂಶ ಇಲ್ಲೇ ಹಾಕಿ. ನಮ್ಮಲ್ಲೂ ನೆರಳು ಕಡಿದ ಪಟ್ಟೆ ಇದೆ, ನಾನೂ ನೋಡಬೇಕು.